ಬಾಗಿದ ಮೇಲ್ಮೈಯ ಅಳತೆ: ವಿವಿಯಾನಿಯ ಗುಮ್ಮಟದಿಂದ ಶ್ವಾರ್ಟ್ಸ್‌ನ ಲಾಂದ್ರದವರೆಗೆ

ಸಮತಲದ ಮೇಲಿನ ಆಕೃತಿಯ ವಿಸ್ತೀರ್ಣವನ್ನು ಅಳೆಯುವುದು ಮಾನವನಿಗೆ ಬಹು ಹಿಂದೆಯೇ ಸಾಧ್ಯವಾಗಿತ್ತು. ಹೊಲವನ್ನು ಆಯತಗಳಾಗಿಯೂ ತ್ರಿಭುಜಗಳಾಗಿಯೂ ಒಡೆದು ಕೂಡಿಸಿದರೆ ಕೆಲಸ ಮುಗಿಯುತ್ತದೆ. ಬಾಗಿದ ಮೇಲ್ಮೈಯ ವಿಷಯ ಹಾಗಲ್ಲ. ಗೋಳದ ಮೇಲೆ ಚಪ್ಪಟೆಯಾದ ತುಂಡು ಒಂದೂ ಇಲ್ಲ. ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಪ್ರತಿಯೊಂದು ತುಂಡೂ ಬಾಗಿಯೇ ಇರುತ್ತದೆ. ಆದ್ದರಿಂದ ಅದರ ಜಾಗದಲ್ಲಿ ಒಂದು ಚಪ್ಪಟೆ ತುಂಡನ್ನು ಇರಿಸಿ, ಅಂತಹ ತುಂಡುಗಳನ್ನು ಕೂಡಿಸಿ, ತುಂಡುಗಳು ಕಿರಿದಾಗುತ್ತ ಹೋದಂತೆ ಮೊತ್ತವು ಯಾವ ಬೆಲೆಯತ್ತ ಸಾಗುತ್ತದೆಂದು ನೋಡಬೇಕಾಗುತ್ತದೆ. ಯಾವ ಚಪ್ಪಟೆ ತುಂಡನ್ನು ಇರಿಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಷ್ಟೇನೂ ಗಹನವಾಗಿ ಕಾಣುವುದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನ ಪ್ರಮುಖ ಪಠ್ಯಗ್ರಂಥವೊಂದು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ತಪ್ಪಾಗಿತ್ತು. ಎರಡು ಚರಗಳ ಉತ್ಪನ್ನದ ನಕ್ಷೆಯ ವಿಸ್ತೀರ್ಣವನ್ನು ದ್ವಿ ಅನುಕಲದಿಂದ ಪಡೆಯುವ ಸೂತ್ರದ ಇತಿಹಾಸವನ್ನು ಈ ಒಂದು ಪ್ರಶ್ನೆಯ ಎಳೆಯನ್ನು ಹಿಡಿದು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಭಾಸ್ಕರಾಚಾರ್ಯನ ಪಟ್ಟಿಗಳು

ಗೋಳದ ಮೇಲ್ಮೈ ವಿಸ್ತೀರ್ಣವನ್ನು ಕುರಿತ ಒಂದು ತಪ್ಪು ಮತ್ತು ಅದರ ತಿದ್ದುಪಡಿ ಭಾರತೀಯ ಗಣಿತದ ಇತಿಹಾಸದಲ್ಲಿಯೂ ಇದೆ. ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಿದರೆ ಗೋಳದ ಪೃಷ್ಠಫಲ ಬರುತ್ತದೆಂದು ಲಲ್ಲನು ಹೇಳಿದ್ದನು. ಕ್ಷೇತ್ರಫಲವನ್ನು ಉದ್ದದಿಂದ ಗುಣಿಸಿದರೆ ದೊರೆಯುವುದು ಘನಫಲದ ಜಾತಿಯ ಸಂಖ್ಯೆಯೇ ಹೊರತು ವಿಸ್ತೀರ್ಣವಲ್ಲ. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ತನ್ನ ಊರೆಂದು ಹೇಳಿಕೊಂಡ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯ ಗೋಳಾಧ್ಯಾಯದಲ್ಲಿ ಈ ಮತವನ್ನು ಖಂಡಿಸಿದನು. ಈ ವಿಜ್ಜಡವಿಡವನ್ನು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ ಮಹಾರಾಷ್ಟ್ರದ ಊರೆಂದು ಬೇರೆ ಕೆಲವರೂ ಗುರುತಿಸಿದ್ದಾರೆ.

ಭಾಸ್ಕರನ ಖಂಡನೆಯಲ್ಲಿ ಒಂದು ಬಟ್ಟೆಯ ದೃಷ್ಟಾಂತವಿದೆ. ಗೋಳದ ಪರಿಧಿಯ ಅರ್ಧದಷ್ಟು ವ್ಯಾಸವುಳ್ಳ ವೃತ್ತಾಕಾರದ ಬಟ್ಟೆಯನ್ನು ಗೋಳದ ಮೇಲೆ ಹೊದಿಸಿದರೆ ಅದು ಅರ್ಧಗೋಳವನ್ನು ಪೂರ್ತಿಯಾಗಿ ಮುಚ್ಚಿ, ಅಂಚಿನಲ್ಲಿ ನೆರಿಗೆಗಟ್ಟಿ ಸ್ವಲ್ಪ ಉಳಿಯುತ್ತದೆ. ಆ ಬಟ್ಟೆಯ ವಿಸ್ತೀರ್ಣ ಗೋಳದ ನಡುವೃತ್ತದ ಕ್ಷೇತ್ರಫಲಕ್ಕೆ ಸುಮಾರು ಎರಡೂವರೆ ಪಟ್ಟು. ಆಧುನಿಕ ಲೆಕ್ಕದಲ್ಲಿ ಇದು (π/2)², ಅಂದರೆ 2.467 ಪಟ್ಟು. ಹಾಗಿರುವಾಗ ಅರ್ಧಗೋಳದ ಮೇಲ್ಮೈ ನಡುವೃತ್ತದ ಎರಡೂವರೆ ಪಟ್ಟಿಗಿಂತ ಕಡಿಮೆಯೇ ಇರಬೇಕು. ನಿಜವಾದ ಬೆಲೆ ಸರಿಯಾಗಿ ಎರಡು ಪಟ್ಟು. ಕೈಗೆ ಸಿಗುವ ವಸ್ತುವಿನಿಂದ ಉತ್ತರಕ್ಕೆ ಒಂದು ಮೇಲ್ಮಿತಿಯನ್ನು ಹಾಕಿ, ಆ ಮಿತಿಯನ್ನು ಮೀರಿದ ಸೂತ್ರವನ್ನು ತಿರಸ್ಕರಿಸುವ ಈ ಕ್ರಮ ಗಮನಾರ್ಹವಾದುದು.

ಸರಿಯಾದ ಸೂತ್ರ, ಅಂದರೆ ಪರಿಧಿಯನ್ನು ವ್ಯಾಸದಿಂದ ಗುಣಿಸುವುದು, ಹೇಗೆ ಬರುತ್ತದೆಂಬುದನ್ನು ವಿವರಿಸಲು ಭಾಸ್ಕರನು ಗೋಳವನ್ನು ಸಮಾಂತರ ವೃತ್ತಗಳಿಂದ ಪಟ್ಟಿಗಳಾಗಿ ವಿಭಜಿಸಿದನು. ಶಿಖರದಿಂದ ನಡುವೃತ್ತದವರೆಗೆ 24 ಪಟ್ಟಿಗಳು. ಪ್ರತಿಯೊಂದರ ಅಗಲ ಜ್ಯಾ ಕೋಷ್ಟಕದ ಅಂತರವಾದ 225 ಕಲೆ. ಪ್ರತಿ ಪಟ್ಟಿಯನ್ನೂ ಬಿಚ್ಚಿ ಚಪ್ಪಟೆಯಾಗಿ ಹಾಸಿದಂತೆ ಭಾವಿಸಿ, ಅದರ ಉದ್ದವನ್ನು ಅಗಲದಿಂದ ಗುಣಿಸಿ ಕೂಡಿಸಬೇಕು. ನಿಖರವಾದ ಜ್ಯಾಗಳನ್ನು ಬಳಸಿ, ಪ್ರತಿ ಪಟ್ಟಿಯ ಎರಡು ಅಂಚುಗಳ ಉದ್ದದ ಸರಾಸರಿಯನ್ನು ತೆಗೆದುಕೊಂಡರೆ ಈ 24 ಪಟ್ಟಿಗಳ ಮೊತ್ತ ನಿಜವಾದ ವಿಸ್ತೀರ್ಣದ 0.99964 ಭಾಗವಾಗುತ್ತದೆ. ಹತ್ತು ಸಾವಿರದಲ್ಲಿ ನಾಲ್ಕು ಭಾಗದಷ್ಟೂ ಕೊರತೆಯಿಲ್ಲ.

ಇಲ್ಲಿ ಅಗಲವೆಂದರೆ ಗೋಳದ ಮೈಯುದ್ದಕ್ಕೂ ಅಳೆದ ಓರೆಯ ಅಗಲ. ಎರಡು ವೃತ್ತಗಳ ನಡುವಿನ ನೇರ ಎತ್ತರವಲ್ಲ. ಓರೆಯನ್ನು ಬಿಟ್ಟು ಎತ್ತರವನ್ನೇ ಅಗಲವೆಂದು ಹಿಡಿದರೆ, ಅಂದರೆ ಪ್ರತಿ ಪಟ್ಟಿಯನ್ನೂ ನೆಟ್ಟಗೆ ನಿಂತ ಬಳೆಯೆಂದು ಭಾವಿಸಿದರೆ, ಪಟ್ಟಿಗಳನ್ನು ಎಷ್ಟೇ ಸಣ್ಣದು ಮಾಡಿದರೂ ಮೊತ್ತವು ನಿಜ ಬೆಲೆಯ π/4 ಭಾಗಕ್ಕೆ, ಎಂದರೆ ಸುಮಾರು 0.785ಕ್ಕೆ, ಬಂದು ನಿಲ್ಲುತ್ತದೆ. ಆ ಬಳೆಗಳೆಲ್ಲ ಗೋಳಕ್ಕೆ ಬೇಕಾದಷ್ಟು ಹತ್ತಿರ ಬರುತ್ತವೆ. ಅವುಗಳ ವಿಸ್ತೀರ್ಣ ಮಾತ್ರ ಗೋಳದ ವಿಸ್ತೀರ್ಣದ ಹತ್ತಿರ ಬರುವುದಿಲ್ಲ. ತುಂಡು ಮೇಲ್ಮೈಗೆ ಸಮೀಪವಾಗಿದ್ದರೆ ಸಾಲದು, ಅದರ ವಾಲು ಮೇಲ್ಮೈಯ ವಾಲಿಗೆ ಹೊಂದಿರಬೇಕು ಎಂಬ ತತ್ತ್ವ ಇಲ್ಲಿಯೇ ಅಡಗಿದೆ. ಮುಂದಿನ ಇತಿಹಾಸವೆಲ್ಲ ಈ ತತ್ತ್ವದ ಸುತ್ತಲೇ ಸಾಗುತ್ತದೆ.

ವಿವಿಯಾನಿಯ ಒಗಟು

ಗೆಲಿಲಿಯೋನ ಕೊನೆಯ ಶಿಷ್ಯನೆಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಪಡುತ್ತಿದ್ದ ಫ್ಲಾರೆನ್ಸ್ ನಗರದ ವಿನ್ಸೆಂಜೊ ವಿವಿಯಾನಿ 1692ರಲ್ಲಿ ಗಣಿತಜ್ಞರ ಮುಂದೆ ಒಂದು ಒಗಟನ್ನು ಇರಿಸಿದನು. ಅದರ ಕರ್ತೃವಿನ ಹೆಸರಾಗಿ ಅವನು ಬಳಸಿದ್ದು ಗೆಲಿಲಿಯೋನ ಕೊನೆಯ ಶಿಷ್ಯ ಎಂಬರ್ಥದ ಲ್ಯಾಟಿನ್ ಪದಗಳ ಅಕ್ಷರಗಳನ್ನು ಪಲ್ಲಟಗೊಳಿಸಿ ಕಟ್ಟಿದ ಗುಪ್ತನಾಮವನ್ನು. ಒಗಟಿನ ಸಾರಾಂಶ ಇಷ್ಟು: ಅರ್ಧಗೋಳಾಕಾರದ ಗುಮ್ಮಟವೊಂದರಲ್ಲಿ ಒಂದೇ ಅಳತೆಯ ನಾಲ್ಕು ಕಿಟಕಿಗಳನ್ನು ಹೇಗೆ ತೆರೆದರೆ, ಉಳಿದ ಮೇಲ್ಮೈಯ ವಿಸ್ತೀರ್ಣ ಸರಿಯಾಗಿ ಒಂದು ಚೌಕಕ್ಕೆ ಸಮನಾಗುತ್ತದೆ?

ವೃತ್ತಕ್ಕೆ ಸಮನಾದ ಚೌಕವನ್ನು ರಚಿಸುವ ಪ್ರಯತ್ನಗಳೆಲ್ಲ ವಿಫಲವಾಗಿದ್ದ ಕಾಲ ಅದು. ಗುಮ್ಮಟದ ಪೂರ್ಣ ವಿಸ್ತೀರ್ಣದಲ್ಲಿ π ಇದ್ದೇ ಇದೆ. ಅದರಿಂದ ಏನನ್ನೋ ಕಳೆದಾಗ π ಸಂಪೂರ್ಣವಾಗಿ ಮಾಯವಾಗಬೇಕು ಎಂಬುದು ಸವಾಲಿನ ತಿರುಳು. ಹೊಸದಾಗಿ ಹುಟ್ಟಿದ ಕಲನಶಾಸ್ತ್ರಕ್ಕೆ ಇದೊಂದು ಪರೀಕ್ಷೆಯಾಯಿತು. ಒಗಟು ಕೈಸೇರಿದ ದಿನವೇ ಲೈಬ್ನಿಟ್ಸ್ ಅದನ್ನು ಬಿಡಿಸಿದನು. ಯಾಕೋಬ್ ಬರ್ನೂಲಿಯೂ ಪರಿಹಾರ ನೀಡಿದನು. ವಿವಿಯಾನಿ ಅದೇ ವರ್ಷ ತನ್ನದೇ ರಚನೆಯನ್ನು ಸಾಧನೆಯಿಲ್ಲದೆ ಪ್ರಕಟಿಸಿದನು. ಅದಕ್ಕೆ ರೇಖಾಗಣಿತದ ಸಾಧನೆಯನ್ನು 1699ರಲ್ಲಿ ಗ್ವಿಡೊ ಗ್ರಾಂಡಿ ಒದಗಿಸಿದನು.

ವಿವಿಯಾನಿಯ ರಚನೆಯನ್ನು ಹೀಗೆ ಚಿತ್ರಿಸಿಕೊಳ್ಳಬಹುದು. ಗುಮ್ಮಟದ ತ್ರಿಜ್ಯ a ಆಗಿರಲಿ. ನೆಲದ ಮೇಲೆ, ಗುಮ್ಮಟದ ಒಂದು ಬದಿಯಿಂದ ಎದುರು ಬದಿಗೆ ಸಾಗುವ ಎರಡು ಸುರಂಗಗಳನ್ನು ಅಕ್ಕಪಕ್ಕದಲ್ಲಿ ಕೊರೆಯಬೇಕು. ಪ್ರತಿಯೊಂದರ ಅಡ್ಡಕೊಯ್ತ a ವ್ಯಾಸದ ಅರ್ಧವೃತ್ತ. ಎರಡೂ ಗುಮ್ಮಟದ ನೆಲದ ಕೇಂದ್ರದಲ್ಲಿ ಒಂದನ್ನೊಂದು ಮುಟ್ಟುತ್ತವೆ. ಪ್ರತಿ ಸುರಂಗವೂ ಗುಮ್ಮಟವನ್ನು ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ತೂತು ಮಾಡುತ್ತದೆ. ಹೀಗೆ ಎರಡು ಸುರಂಗಗಳಿಂದ ನಾಲ್ಕು ಕಿಟಕಿಗಳು. ಉಳಿದ ಗುಮ್ಮಟದ ವಿಸ್ತೀರ್ಣ 4a², ಅಂದರೆ ಗುಮ್ಮಟದ ವ್ಯಾಸದ ಮೇಲಿನ ಚೌಕ.

ಸೂತ್ರದ ಹುಟ್ಟು

ಲೈಬ್ನಿಟ್ಸ್‌ನ ಕಾಲದಲ್ಲಿ ದ್ವಿ ಅನುಕಲವೆಂಬ ಉಪಕರಣ ಇನ್ನೂ ರೂಪುಗೊಂಡಿರಲಿಲ್ಲ. ಮೇಲ್ಮೈ ವಿಸ್ತೀರ್ಣದ ದ್ವಿ ಅನುಕಲ ಇಂದಿನ ಆಕಾರದಲ್ಲಿಯೇ ಕಾಣಿಸುವುದು ಲಗ್ರಾಂಜ್ 1762ರಲ್ಲಿ ಪ್ರಕಟಿಸಿದ ಲೇಖನದಲ್ಲಿ. ಗೊತ್ತಾದ ಅಂಚಿಗೆ ಹೊಂದಿಕೊಂಡಂತೆ ಅತ್ಯಂತ ಕಡಿಮೆ ವಿಸ್ತೀರ್ಣದ ಮೇಲ್ಮೈ ಯಾವುದು ಎಂಬ ಪ್ರಶ್ನೆಯನ್ನು ಅವನು ಅಲ್ಲಿ ಎತ್ತಿದನು. ದ್ವಿ ಅನುಕಲಗಳನ್ನೇ ಪ್ರತ್ಯೇಕ ವಿಷಯವಾಗಿ ಎತ್ತಿಕೊಂಡು, ಚರಗಳನ್ನು ಬದಲಿಸಿದಾಗ ಅವು ಹೇಗೆ ಮಾರ್ಪಡುತ್ತವೆ ಎಂಬುದನ್ನು ಆಯ್ಲರ್ 1769ರ ಲೇಖನದಲ್ಲಿ ಚರ್ಚಿಸಿದನು. ಈ ಎರಡರ ಫಲವಾಗಿ ದೊರೆತ ಸೂತ್ರ ಹೀಗಿದೆ. ಮೇಲ್ಮೈಯು z = f(x, y) ಎಂಬ ಉತ್ಪನ್ನದ ನಕ್ಷೆಯಾಗಿದ್ದು, ಅದು xy ಸಮತಲದ D ಎಂಬ ಪ್ರದೇಶದ ಮೇಲೆ ನಿಂತಿದ್ದರೆ,

S = ∬_D √(1 + p² + q²) dx dy

ಇಲ್ಲಿ p ಎಂದರೆ x ದಿಕ್ಕಿನಲ್ಲಿ ಸಾಗಿದಾಗ z ಏರುವ ದರ, q ಎಂದರೆ y ದಿಕ್ಕಿನಲ್ಲಿ ಸಾಗಿದಾಗ z ಏರುವ ದರ. ಇವೇ f ಉತ್ಪನ್ನದ ಆಂಶಿಕ ಅವಕಲಗಳು.

ವರ್ಗಮೂಲದ ಒಳಗಿನ ಪದಗಳು ಎಲ್ಲಿಂದ ಬಂದವೆಂಬುದನ್ನು ಹಂಚಿನ ಮಾಡಿನ ಉದಾಹರಣೆಯಿಂದ ತಿಳಿಯಬಹುದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ, ಒಂದು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಇಳಿಜಾರಿನ ಮಾಡು ಇದ್ದರೆ, ನೆಲ 100 ಚದರ ಅಡಿಯಾದರೂ ಹಂಚು ಹೊದಿಸಬೇಕಾದ ಜಾಗ 100 × √2, ಅಂದರೆ ಸುಮಾರು 141 ಚದರ ಅಡಿ. ಇಲ್ಲಿ p = 1, q = 0. ನೆಲವು ಮಾಡಿನ ನೆರಳು; ಮಾಡು ಎಷ್ಟು ವಾಲಿದೆಯೋ ಅದಕ್ಕೆ ತಕ್ಕಂತೆ ನೆರಳನ್ನು ಹಿಗ್ಗಿಸಿದರೆ ಮಾಡಿನ ವಿಸ್ತೀರ್ಣ ಬರುತ್ತದೆ. ಬಾಗಿದ ಮೇಲ್ಮೈಯಲ್ಲಿ ವಾಲು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಆದ್ದರಿಂದ D ಪ್ರದೇಶವನ್ನು ಚಿಕ್ಕ ಆಯತಗಳಾಗಿ ಒಡೆದು, ಪ್ರತಿ ಆಯತದ ಮೇಲೆಯೂ ಆ ಜಾಗದ ಸ್ಪರ್ಶ ಸಮತಲದ ತುಂಡೊಂದನ್ನು ಇರಿಸಲಾಗುತ್ತದೆ. ಆಯತದ ಬದಿಗಳು dx, dy ಆದರೆ, ಅದರ ಮೇಲಿನ ತುಂಡು ಒಂದು ಸಮಾಂತರ ಚತುರ್ಭುಜ. ಅದರ ಒಂದು ಬದಿ dx ಮುಂದೆ ಸಾಗುತ್ತ p dx ಏರುತ್ತದೆ, ಇನ್ನೊಂದು ಬದಿ dy ಸಾಗುತ್ತ q dy ಏರುತ್ತದೆ. ಅದರ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ √(1 + p² + q²) dx dy ಎಂದಾಗುತ್ತದೆ.

ಈ ತುಂಡುಗಳು ಅಂಚಿಗೆ ಅಂಚು ಕೂಡಿಕೊಳ್ಳುವುದಿಲ್ಲ. ಪ್ರತಿಯೊಂದೂ ತನ್ನ ಬಿಂದುವಿನಲ್ಲಿ ಮೇಲ್ಮೈಯನ್ನು ಮುಟ್ಟಿ, ಮೀನಿನ ಹುರುಪೆಗಳಂತೆ, ಪಕ್ಕದ ತುಂಡಿಗಿಂತ ಒಂದಿಷ್ಟು ಮೇಲೆಯೋ ಕೆಳಗೆಯೋ ನಿಲ್ಲುತ್ತದೆ. ಇದು ಸೂತ್ರದ ದೋಷದಂತೆ ಕಾಣಬಹುದು. ಆದರೆ ಸೂತ್ರದ ಬಲ ಅಡಗಿರುವುದೂ ಇದರಲ್ಲಿಯೇ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಕಿಟಕಿಯ ಲೆಕ್ಕ

ವಿವಿಯಾನಿಯ ಗುಮ್ಮಟಕ್ಕೆ ಸೂತ್ರವನ್ನು ಅನ್ವಯಿಸಲು ಇಡೀ ಗೋಳವನ್ನು ತೆಗೆದುಕೊಂಡು, ಸುರಂಗಗಳು ನೆಟ್ಟಗೆ ನಿಲ್ಲುವಂತೆ ತಿರುಗಿಸಿಕೊಳ್ಳುವುದು ಅನುಕೂಲ. ಆಗ ಗೋಳದ ಮೇಲರ್ಧ z = √(a² − x² − y²) ಎಂಬ ನಕ್ಷೆ. ಒಂದು ಸುರಂಗದ ಪೂರ್ಣ ಅಡ್ಡಕೊಯ್ತ x² + y² ≤ ax ಎಂಬ ವೃತ್ತ. ಗುಮ್ಮಟದ ನೆಲ ಈಗ y = 0 ಎಂಬ ಸಮತಲವಾಗಿ ಈ ವೃತ್ತವನ್ನು ಸರಿಯಾಗಿ ಎರಡು ಹೋಳು ಮಾಡುತ್ತದೆ. ಆದ್ದರಿಂದ ಪೂರ್ಣ ವೃತ್ತದ ಮೇಲಿನ ಗೋಳಭಾಗದ ವಿಸ್ತೀರ್ಣ W ಆದರೆ, ಗುಮ್ಮಟದ ಒಂದು ಕಿಟಕಿ W/2.

ಗೋಳಕ್ಕೆ p = −x/z, q = −y/z. ಹೀಗಾಗಿ 1 + p² + q² = a²/z². ಅನುಕಲಿಸಬೇಕಾದ ಉತ್ಪನ್ನ a/√(a² − x² − y²). ವೃತ್ತದ ವಿಷಯವಾದ್ದರಿಂದ ಆಯ್ಲರ್ ತೋರಿಸಿದ ದಾರಿಯಲ್ಲಿ ಚರಗಳನ್ನು ಬದಲಿಸಿ, ಕೇಂದ್ರದಿಂದ ದೂರ r ಮತ್ತು ಕೋನ θ ಇವುಗಳಲ್ಲಿ ಬರೆದರೆ dx dy ಜಾಗದಲ್ಲಿ r dr dθ ಬರುತ್ತದೆ. ವೃತ್ತದ ಅಂಚು r = a cos θ; θ ಚಲಿಸುವುದು −π/2 ಇಂದ π/2 ವರೆಗೆ. ಆಗ

W = ∫ dθ ∫ a r dr / √(a² − r²)

ಒಳಗಿನ ಅನುಕಲ r = 0 ಇಂದ r = a cos θ ವರೆಗೆ. ಅದರ ಬೆಲೆ a² − a√(a² − a² cos² θ). ಇಲ್ಲಿ ವರ್ಗಮೂಲದ ಒಳಗೆ ಉಳಿಯುವುದು a² sin² θ. ವರ್ಗಮೂಲ ಋಣವಾಗಿರಲು ಸಾಧ್ಯವಿಲ್ಲದ ಕಾರಣ ಅದರ ಬೆಲೆ a|sin θ|. ಆದ್ದರಿಂದ ಒಳಗಿನ ಅನುಕಲ a²(1 − |sin θ|). ಇದನ್ನು θ ಕುರಿತು ಅನುಕಲಿಸಿದರೆ

W = a²(π − 2)

ಈ ಲೆಕ್ಕದಲ್ಲಿ ಎಡವಲು ಒಂದು ಪ್ರಸಿದ್ಧವಾದ ಜಾಗವಿದೆ. |sin θ| ಬದಲಿಗೆ sin θ ಎಂದೇ ಬರೆದರೆ, ಋಣ ಕೋನಗಳ ಭಾಗವೂ ಧನ ಕೋನಗಳ ಭಾಗವೂ ಒಂದನ್ನೊಂದು ಅಳಿಸಿಹಾಕಿ W = πa² ಎಂಬ ಉತ್ತರ ಬರುತ್ತದೆ. ಉತ್ತರ ನೋಡಲು ಅಂದವಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಗುಮ್ಮಟಕ್ಕೆ ಅದನ್ನು ಹೊಂದಿಸಿ ನೋಡಿದಾಗ ತಪ್ಪು ತಾನಾಗಿಯೇ ಬಯಲಾಗುತ್ತದೆ: ನಾಲ್ಕು ಕಿಟಕಿಗಳ ಮೊತ್ತ 2πa², ಅದು ಇಡೀ ಗುಮ್ಮಟದ ವಿಸ್ತೀರ್ಣ. ಕಿಟಕಿ ತೆರೆದ ಮೇಲೆ ಗೋಡೆಯೇ ಉಳಿಯಲಿಲ್ಲ ಎಂದಾಗುತ್ತದೆ.

ಸರಿಯಾದ ಬೆಲೆಯಿಂದ ನೋಡಿದರೆ ನಾಲ್ಕು ಕಿಟಕಿಗಳ ಮೊತ್ತ 2W = 2πa² − 4a². ಗುಮ್ಮಟದ 2πa² ಇಂದ ಅದನ್ನು ಕಳೆದರೆ π ಮಾಯವಾಗಿ 4a² ಉಳಿಯುತ್ತದೆ. ತ್ರಿಜ್ಯ 10 ಮೀಟರ್ ಇರುವ ಗುಮ್ಮಟವನ್ನು ಊಹಿಸಿಕೊಂಡರೆ ಅದರ ಪೂರ್ಣ ವಿಸ್ತೀರ್ಣ 628.3 ಚದರ ಮೀಟರ್, ಒಂದೊಂದು ಕಿಟಕಿ 57.08 ಚದರ ಮೀಟರ್, ಉಳಿದ ಗೋಡೆ ಸರಿಯಾಗಿ 400 ಚದರ ಮೀಟರ್. ಅದು 20 ಮೀಟರ್ ಬದಿಯ ಚೌಕ. ಉತ್ತರವನ್ನು ಒರೆಗೆ ಹಚ್ಚಲು ಇನ್ನೊಂದು ಸುಲಭ ಮಾರ್ಗವೂ ಇದೆ. ಮೇಲ್ಮೈಯ ವಿಸ್ತೀರ್ಣ ಅದರ ನೆರಳಿಗಿಂತ ಎಂದೂ ಕಡಿಮೆಯಾಗದು. W ಅಂದರೆ ಸುಮಾರು 1.142a², ಅದರ ನೆರಳಾದ ವೃತ್ತ ಸುಮಾರು 0.785a².

ಗೋಳದ ನಡುವೃತ್ತದ ಬಳಿ ಮೇಲ್ಮೈ ನೆಟ್ಟಗೆ ನಿಲ್ಲುವುದರಿಂದ ಅಲ್ಲಿ p, q ಅಪರಿಮಿತವಾಗುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ವಿವಿಯಾನಿಯ ವೃತ್ತ ನಡುವೃತ್ತವನ್ನು (a, 0) ಎಂಬ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ಇಡೀ ಅರ್ಧಗೋಳವನ್ನು ಅಳೆಯುವಾಗ ಅಂಚಿನುದ್ದಕ್ಕೂ ಇದೇ ತೊಡಕು. ಅಂತಹ ಕಡೆ ಅಂಚಿಗಿಂತ ಕೊಂಚ ಒಳಗೆ ನಿಂತು ಅನುಕಲಿಸಿ, ಆಮೇಲೆ ಅಂಚಿನತ್ತ ಸರಿಯಬೇಕು. ಗೋಳದಲ್ಲಿ ಈ ಕ್ರಮ ಸೀಮಿತವಾದ ಬೆಲೆಯನ್ನೇ ಕೊಡುತ್ತದೆ.

ಶ್ವಾರ್ಟ್ಸ್‌ನ ಲಾಂದ್ರ

ಸೂತ್ರ ಸರಿಯಾದ ಉತ್ತರಗಳನ್ನು ಕೊಡುತ್ತಿದ್ದರೂ, ಅದು ಅಳೆಯುತ್ತಿರುವ ‘ವಿಸ್ತೀರ್ಣ’ ಎಂದರೇನು ಎಂಬ ಪ್ರಶ್ನೆ ನೂರು ವರ್ಷ ಹಾಗೆಯೇ ಉಳಿಯಿತು. ವಕ್ರರೇಖೆಯ ಉದ್ದಕ್ಕೆ ಒಪ್ಪಿತವಾದ ವ್ಯಾಖ್ಯೆಯಿತ್ತು: ರೇಖೆಯ ಮೇಲೆ ಬಿಂದುಗಳನ್ನು ಗುರುತಿಸಿ, ಅವುಗಳನ್ನು ನೇರ ಗೆರೆಗಳಿಂದ ಜೋಡಿಸಿ, ಬಿಂದುಗಳು ದಟ್ಟವಾದಂತೆ ಗೆರೆಗಳ ಒಟ್ಟು ಉದ್ದ ಸಾಗುವ ಪರಿಮಿತಿಯೇ ರೇಖೆಯ ಉದ್ದ. ಫ್ರೆಂಚ್ ಗಣಿತಜ್ಞ ಜೋಸೆಫ್ ಸೆರೆ 1868ರ ತನ್ನ ಕಲನಶಾಸ್ತ್ರದ ಪಠ್ಯದಲ್ಲಿ ಇದೇ ವಿಧಾನವನ್ನು ಮೇಲ್ಮೈಗೂ ವಿಸ್ತರಿಸಿದನು. ಮೇಲ್ಮೈಯ ಮೇಲೆ ಬಿಂದುಗಳನ್ನು ಗುರುತಿಸಿ, ಅವುಗಳನ್ನು ತ್ರಿಭುಜಗಳಾಗಿ ಜೋಡಿಸಿದರೆ ಅಂಚಿಗೆ ಅಂಚು ಕೂಡಿದ ಬಹುಮುಖಿಯೊಂದು ದೊರೆಯುತ್ತದೆ. ತ್ರಿಭುಜಗಳು ಕಿರಿದಾದಂತೆ ಅದರ ವಿಸ್ತೀರ್ಣದ ಪರಿಮಿತಿಯೇ ಮೇಲ್ಮೈಯ ವಿಸ್ತೀರ್ಣ ಎಂಬುದು ಆ ವ್ಯಾಖ್ಯೆ. ಹುರುಪೆಗಳಂತೆ ಬಿಡಿಬಿಡಿಯಾಗಿ ನಿಂತ ಸ್ಪರ್ಶ ಸಮತಲದ ತುಂಡುಗಳಿಗಿಂತ ಇದು ಹೆಚ್ಚು ಸಹಜವಾಗಿ ಕಾಣುತ್ತದೆ.

ಜರ್ಮನಿಯ ಹೆರ್ಮಾನ್ ಶ್ವಾರ್ಟ್ಸ್ 1880ರ ಡಿಸೆಂಬರಿನಲ್ಲಿ ಇಟಲಿಯ ಆಂಜೆಲೊ ಜೆನೊಕ್ಕಿಗೆ ಪತ್ರ ಬರೆದು ಈ ವ್ಯಾಖ್ಯೆ ನಿಲ್ಲುವುದಿಲ್ಲವೆಂದು ತೋರಿಸಿದನು. ಅವನು ಆಯ್ದ ಉದಾಹರಣೆ ಎಲ್ಲರಿಗೂ ತಿಳಿದಿರುವ ಸಿಲಿಂಡರ್. ಅದರ ತ್ರಿಜ್ಯ 1, ಎತ್ತರ 1 ಆಗಿರಲಿ. ನಿಜವಾದ ಪಾರ್ಶ್ವ ವಿಸ್ತೀರ್ಣ 2π, ಅಂದರೆ ಸುಮಾರು 6.283. ಅದನ್ನು ಎತ್ತರದಲ್ಲಿ m ಸಮ ಪದರಗಳಾಗಿ ವಿಭಜಿಸಿ, ಪ್ರತಿ ಪದರದ ಅಂಚಿನ ವೃತ್ತದ ಮೇಲೆಯೂ n ಸಮದೂರದ ಬಿಂದುಗಳನ್ನು ಗುರುತಿಸಬೇಕು. ಒಂದು ವೃತ್ತದ ಬಿಂದುಗಳು ಅದರ ಕೆಳಗಿನ ವೃತ್ತದ ಎರಡೆರಡು ಬಿಂದುಗಳ ನಡುಮಧ್ಯಕ್ಕೆ ನೇರವಾಗಿ ಬರುವಂತೆ ಅರ್ಧ ಹೆಜ್ಜೆ ಸರಿಸಬೇಕು. ಬಿಂದುಗಳನ್ನು ಜೋಡಿಸಿದಾಗ 2mn ಸಮನಾದ ತ್ರಿಭುಜಗಳು ಉಂಟಾಗುತ್ತವೆ. ಮಡಿಕೆ ಹಾಕಿ ಮಾಡಿದ ಕಾಗದದ ಲಾಂದ್ರವನ್ನು ಹೋಲುವುದರಿಂದ ಈ ಆಕೃತಿಗೆ ಶ್ವಾರ್ಟ್ಸ್‌ನ ಲಾಂದ್ರವೆಂದೇ ಹೆಸರಾಗಿದೆ.

ಒಂದು ತ್ರಿಭುಜದ ಪಾದ ವೃತ್ತದ ಜ್ಯಾ. ಅದರ ಉದ್ದ 2 sin(π/n). ಈ ಜ್ಯಾದ ನಡುಬಿಂದು ಸಿಲಿಂಡರಿನ ಮೈಗಿಂತ 1 − cos(π/n) ಅಷ್ಟು ಒಳಗಿದೆ. ತ್ರಿಭುಜದ ಶೃಂಗವಾದರೋ ಒಂದು ಪದರ ಮೇಲೆ, ಸಿಲಿಂಡರಿನ ಮೈಯ ಮೇಲೆಯೇ ಇದೆ. ಹೀಗಾಗಿ ತ್ರಿಭುಜವು 1/m ಅಷ್ಟು ಏರುವಾಗ 1 − cos(π/n) ಅಷ್ಟು ಹೊರಕ್ಕೆ ವಾಲುತ್ತದೆ. ಎಲ್ಲ ತ್ರಿಭುಜಗಳನ್ನೂ ಕೂಡಿಸಿದರೆ

A = 2n sin(π/n) · √(1 + m²(1 − cos(π/n))²)

ಇದರಲ್ಲಿ 2n sin(π/n) ಎಂಬುದು n ದೊಡ್ಡದಾದಂತೆ 2π ಕಡೆಗೆ ಸಾಗುತ್ತದೆ, ಅದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ವರ್ಗಮೂಲದಲ್ಲಿ. 1 − cos(π/n) ಸುಮಾರು π²/2n² ಆಗಿರುವುದರಿಂದ ಎಲ್ಲವೂ m ಮತ್ತು n² ಇವುಗಳ ಅನುಪಾತವನ್ನು ಅವಲಂಬಿಸುತ್ತದೆ.

ಪ್ರತಿ ವೃತ್ತದ ಮೇಲೆ 10 ಬಿಂದುಗಳನ್ನಿರಿಸಿ 10 ಪದರಗಳನ್ನು ಮಾಡಿದರೆ ಲಾಂದ್ರದ ವಿಸ್ತೀರ್ಣ 6.88. ಬಿಂದುಗಳನ್ನು ಹಾಗೆಯೇ ಉಳಿಸಿ 100 ಪದರಗಳನ್ನು ಮಾಡಿದರೆ 30.87. ಸಾವಿರ ಪದರಗಳಿಗೆ 302.6. ಬಿಂದುಗಳನ್ನೂ ಪದರಗಳನ್ನೂ ಒಟ್ಟಿಗೆ ಹೆಚ್ಚಿಸುತ್ತ ಹೋದರೂ ಫಲ ಒಂದೇ ಅಲ್ಲ. m = n ಎಂದಿರಿಸಿಕೊಂಡು ಹೆಚ್ಚಿಸಿದರೆ ಪರಿಮಿತಿ ಸರಿಯಾದ 6.283, ನೂರು ಬಿಂದುಗಳಿಗೇ ಅದು 6.290 ಆಗುತ್ತದೆ. m = n² ಎಂದಿರಿಸಿಕೊಂಡರೆ ಪರಿಮಿತಿ 31.64. m = n³ ಆದರೆ ಪರಿಮಿತಿಯೇ ಇಲ್ಲ; ವಿಸ್ತೀರ್ಣ ಮೇರೆಯಿಲ್ಲದೆ ಬೆಳೆಯುತ್ತದೆ. ಈ ಮೂರೂ ಸಂದರ್ಭಗಳಲ್ಲಿ ತ್ರಿಭುಜಗಳ ಶೃಂಗಗಳೆಲ್ಲ ಸಿಲಿಂಡರಿನ ಮೇಲೆಯೇ ಇವೆ, ತ್ರಿಭುಜಗಳು ಕಿರಿದಾಗುತ್ತಲೇ ಇವೆ, ಲಾಂದ್ರ ಸಿಲಿಂಡರಿಗೆ ಬೇಕಾದಷ್ಟು ಹತ್ತಿರ ಬರುತ್ತಲೇ ಇದೆ.

ಇದಕ್ಕೆ ಕಾರಣ ತ್ರಿಭುಜಗಳ ವಾಲು. ಪದರಗಳು ತೀರ ತೆಳುವಾದಾಗ ತ್ರಿಭುಜದ ಏರಿಕೆ ಅದರ ಹೊರವಾಲಿಗಿಂತ ಕಡಿಮೆಯಾಗಿ, ಅದು ನೆಟ್ಟಗೆ ನಿಲ್ಲುವ ಬದಲು ಮಲಗುತ್ತದೆ. ಸಿಲಿಂಡರಿನ ಮೈ ನೆಟ್ಟಗಿದೆ. ತ್ರಿಭುಜಗಳು ಒಳಗೂ ಹೊರಗೂ ಮಡಿಚಿಕೊಂಡ ಸೂಕ್ಷ್ಮ ನೆರಿಗೆಗಳಾಗಿವೆ. ನೆರಿಗೆ ಹಿಡಿದ ಸೀರೆ ಸೊಂಟಕ್ಕೆ ಒತ್ತಿಕೊಂಡಿದ್ದರೂ ಬಟ್ಟೆಯ ಉದ್ದ ಸೊಂಟದ ಸುತ್ತಳತೆಗಿಂತ ಬಹಳ ಹೆಚ್ಚಿರುವಂತೆ ಇದು. ವಕ್ರರೇಖೆಯಲ್ಲಿ ಈ ಅಪಾಯವಿಲ್ಲ. ಸಮತಲದಲ್ಲಿರುವ ನುಣುಪಾದ ರೇಖೆಯ ಎರಡು ಹತ್ತಿರದ ಬಿಂದುಗಳನ್ನು ಜೋಡಿಸಿದ ಗೆರೆ, ಆ ಎರಡರ ನಡುವಿನ ಯಾವುದೋ ಒಂದು ಬಿಂದುವಿನ ಸ್ಪರ್ಶರೇಖೆಗೆ ಸಮಾಂತರವಾಗಿಯೇ ಇರುತ್ತದೆ. ಮೇಲ್ಮೈಯ ಮೂರು ಹತ್ತಿರದ ಬಿಂದುಗಳು ನಿರ್ಣಯಿಸುವ ಸಮತಲಕ್ಕೆ ಅಂತಹ ಕಟ್ಟುಪಾಡಿಲ್ಲ. ಆ ಮೂರು ಬಿಂದುಗಳು ಬಹುತೇಕ ಒಂದೇ ಗೆರೆಯಲ್ಲಿದ್ದರೆ ಸಮತಲ ಎತ್ತ ಬೇಕಾದರೂ ವಾಲಬಹುದು.

ತಪ್ಪನ್ನು ಪತ್ತೆಹಚ್ಚುವ ಲಕ್ಷಣವೂ ಇದರಿಂದಲೇ ದೊರೆಯುತ್ತದೆ. m = n ಆದಾಗ ತ್ರಿಭುಜದ ಪಾದವೂ ಎತ್ತರವೂ ಒಂದೇ ಪ್ರಮಾಣದಲ್ಲಿ ಕುಗ್ಗಿ ಅದರ ಆಕಾರ ಕೆಡುವುದಿಲ್ಲ. m = n² ಆದಾಗ ಎತ್ತರ ಪಾದಕ್ಕಿಂತ ಬಹು ಬೇಗ ಕುಗ್ಗಿ, ಶೃಂಗದ ಕೋನ 180 ಡಿಗ್ರಿಯತ್ತ ಸಾಗುತ್ತದೆ. ತ್ರಿಭುಜಗಳ ಯಾವ ಕೋನವೂ 180 ಡಿಗ್ರಿಗೆ ಸಮೀಪಿಸದಂತೆ ನೋಡಿಕೊಂಡರೆ, ನುಣುಪಾದ ಮೇಲ್ಮೈಗೆ ಸೆರೆಯ ವಿಧಾನವೂ ಸರಿಯಾದ ಬೆಲೆಯನ್ನೇ ಕೊಡುತ್ತದೆ. ದ್ವಿ ಅನುಕಲದ ಸೂತ್ರಕ್ಕೆ ಈ ಎಚ್ಚರಿಕೆಯೇ ಬೇಕಿಲ್ಲ. ಅದರ ತುಂಡುಗಳು ಒಂದಕ್ಕೊಂದು ಕೂಡದಿದ್ದರೂ ಪ್ರತಿಯೊಂದರ ವಾಲೂ ಮೇಲ್ಮೈಯ ವಾಲೇ ಆಗಿದೆ. ಅಂಚುಗಳ ಕೂಡಿಕೆಗಿಂತ ವಾಲಿನ ಹೊಂದಿಕೆಯೇ ಮುಖ್ಯವೆಂಬುದು ಇಲ್ಲಿ ಸಿದ್ಧವಾಗುತ್ತದೆ.

ಈ ಶೋಧ ಪ್ರಕಟವಾದ ಬಗೆಯೂ ಗಮನಿಸತಕ್ಕದ್ದು. ಜೆನೊಕ್ಕಿಯ ಸಹಾಯಕನಾಗಿದ್ದ ಯುವಕ ಜುಸೆಪ್ಪೆ ಪೆಯಾನೊ 1882ರಲ್ಲಿ ಪಾಠ ಹೇಳುವಾಗ ಸ್ವತಂತ್ರವಾಗಿ ಇದೇ ದೋಷವನ್ನು ಕಂಡುಕೊಂಡನು. ಶ್ವಾರ್ಟ್ಸ್ ಇದನ್ನು ಆಗಲೇ ತಿಳಿಸಿದ್ದಾನೆಂದು ಜೆನೊಕ್ಕಿ ಅವನಿಗೆ ಹೇಳಬೇಕಾಯಿತು. ಶ್ವಾರ್ಟ್ಸ್‌ನ ಉದಾಹರಣೆ ಶಾರ್ಲ್ ಹರ್ಮೀಟ್‌ನ ಉಪನ್ಯಾಸಗಳ 1883ರ ಆವೃತ್ತಿಯಲ್ಲಿ ಅಚ್ಚಾಯಿತು. ವಿಸ್ತೀರ್ಣದ ವ್ಯಾಖ್ಯೆಯನ್ನು ಕುರಿತ ಪೆಯಾನೊನ ಲೇಖನ 1890ರಲ್ಲಿ ಹೊರಬಂದಿತು.

ಸೂತ್ರದ ಗಡಿ

ಲಾಂದ್ರದ ಪಾಠವನ್ನು ವ್ಯಾಖ್ಯೆಯೊಳಗೇ ಸೇರಿಸಿದವನು ಆನ್ರಿ ಲೆಬೆಗ್. 1902ರ ತನ್ನ ಪ್ರೌಢಪ್ರಬಂಧದಲ್ಲಿ ಅವನು, ಮೇಲ್ಮೈಯತ್ತ ಸಾಗುವ ಎಲ್ಲ ಬಹುಮುಖಿಗಳ ಸರಣಿಗಳನ್ನೂ ಪರಿಗಣಿಸಿ, ಅವುಗಳ ವಿಸ್ತೀರ್ಣಗಳು ಸಾಗಬಹುದಾದ ಪರಿಮಿತಿಗಳಲ್ಲಿ ಅತ್ಯಂತ ಕಡಿಮೆಯಾದುದೇ ಮೇಲ್ಮೈಯ ವಿಸ್ತೀರ್ಣವೆಂದು ನಿರೂಪಿಸಿದನು. ನೆರಿಗೆಗಳು ವಿಸ್ತೀರ್ಣವನ್ನು ಹೆಚ್ಚಿಸಬಲ್ಲವೇ ಹೊರತು ನಿಜ ಬೆಲೆಗಿಂತ ಕೆಳಕ್ಕೆ ಇಳಿಸಲಾರವು. ಆದ್ದರಿಂದ ಕನಿಷ್ಠವನ್ನು ಆರಿಸಿದಾಗ ನೆರಿಗೆಯ ಲಾಂದ್ರಗಳು ತಾವಾಗಿಯೇ ಹೊರಗುಳಿಯುತ್ತವೆ. ನುಣುಪಾದ ಮೇಲ್ಮೈಗಳಿಗೆ ಈ ಬೆಲೆ ದ್ವಿ ಅನುಕಲದ ಬೆಲೆಯೇ.

ಆದರೆ ನಕ್ಷೆ ನುಣುಪಾಗಿರದಿದ್ದರೆ ಎರಡೂ ಬೇರೆಯಾಗಬಹುದು. ಕ್ಯಾಂಟರ್‌ನ ಮೆಟ್ಟಿಲು ಎಂದು ಪ್ರಸಿದ್ಧವಾದ ಉತ್ಪನ್ನವು x ಸೊನ್ನೆಯಿಂದ ಒಂದರವರೆಗೆ ಸಾಗುವಾಗ ತಾನೂ ಸೊನ್ನೆಯಿಂದ ಒಂದಕ್ಕೆ ಎಲ್ಲಿಯೂ ನೆಗೆಯದೆ ಏರುತ್ತದೆ. ಆದರೂ ಶೂನ್ಯ ಉದ್ದದ ಗಣವೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಅದರ ಏರಿಕೆಯ ದರ ಸೊನ್ನೆ. ಇದನ್ನು y ದಿಕ್ಕಿನಲ್ಲಿ ಹಾಗೆಯೇ ಎಳೆದು ಒಂದು ಮಾನ ಬದಿಯ ಚೌಕದ ಮೇಲಿನ ನಕ್ಷೆಯನ್ನಾಗಿ ಮಾಡಿದರೆ p, q ಎರಡೂ ಬಹುತೇಕ ಎಲ್ಲೆಡೆ ಸೊನ್ನೆ. ಸೂತ್ರ ಕೊಡುವ ವಿಸ್ತೀರ್ಣ 1, ಚಪ್ಪಟೆ ನೆಲದಷ್ಟೇ. ಆ ಮೆಟ್ಟಿಲಿನ ಗೆರೆಯ ನಿಜವಾದ ಉದ್ದ 2 ಆಗಿರುವುದರಿಂದ ಲೆಬೆಗ್‌ನ ವಿಸ್ತೀರ್ಣವೂ 2. ಏರಿಕೆಯೆಲ್ಲ ಸೂತ್ರದ ಕಣ್ಣಿಗೆ ಬೀಳದ ಬಿಂದುಗಳಲ್ಲಿ ನಡೆದುಹೋಗಿದೆ.

ಸೂತ್ರ ಯಾವಾಗ ನಂಬಿಕೆಗೆ ಅರ್ಹ ಎಂಬುದನ್ನು ಲೆಯೊನಿಡಾ ತೊನೆಲ್ಲಿ 1926ರಲ್ಲಿ ಇತ್ಯರ್ಥಗೊಳಿಸಿದನು. ಅವಿಚ್ಛಿನ್ನ ಉತ್ಪನ್ನದ ನಕ್ಷೆಯ ವಿಸ್ತೀರ್ಣ ಸೀಮಿತವಾಗಿದ್ದರೆ ದ್ವಿ ಅನುಕಲದ ಬೆಲೆ ಅದನ್ನು ಎಂದೂ ಮೀರುವುದಿಲ್ಲ. ಮೆಟ್ಟಿಲಿನಂತೆ ಏರಿಕೆಯನ್ನು ಅಡಗಿಸಿಡದ, ಅಂದರೆ ತನ್ನ ಅವಕಲಗಳನ್ನು ಅನುಕಲಿಸಿದಾಗ ತನ್ನ ಏರಿಳಿತವನ್ನು ಪೂರ್ತಿಯಾಗಿ ಹಿಂದಿರುಗಿಸುವ ಒಂದು ವರ್ಗದ ಉತ್ಪನ್ನಗಳಿಗೆ, ಮತ್ತು ಅಂಥವುಗಳಿಗೆ ಮಾತ್ರ, ಎರಡೂ ಸಮ. ವಿವಿಯಾನಿಯ ಗುಮ್ಮಟವೂ ಲಾಂದ್ರದೊಳಗಿನ ಸಿಲಿಂಡರೂ ಆ ವರ್ಗಕ್ಕೆ ಸೇರಿದವು. ಲಾಂದ್ರದ ತ್ರಿಭುಜಗಳು ವಾಲನ್ನು ತಪ್ಪಾಗಿ ಹಿಡಿದು ವಿಸ್ತೀರ್ಣವನ್ನು ಹಿಗ್ಗಿಸಿದವು; ಕ್ಯಾಂಟರ್‌ನ ಮೆಟ್ಟಿಲಿನಲ್ಲಿ ಸೂತ್ರವು ವಾಲನ್ನು ಕಾಣದೆ ವಿಸ್ತೀರ್ಣವನ್ನು ಕುಗ್ಗಿಸಿತು. ಈ ಎರಡರ ನಡುವೆ, p ಮತ್ತು q ಮೇಲ್ಮೈಯ ಏರಿಳಿತವನ್ನೆಲ್ಲ ಒಳಗೊಳ್ಳುವ ಕಡೆ, ಭಾಸ್ಕರನ ಓರೆಯ ಅಗಲದ ಪಟ್ಟಿಗಳೂ ಲಗ್ರಾಂಜ್‌ನ ವರ್ಗಮೂಲವೂ ಒಂದೇ ಉತ್ತರವನ್ನು ಕೊಡುತ್ತವೆ.